ಸಾರಿನ ಪುಡಿ ಅಮೆರಿಕಕ್ಕೆ: ಮೊದಲು ನಮ್ಮವರ ಅಡುಗೆಮನೆ, ಆಮೇಲೆ ಅಂಗಡಿ

ಊರಲ್ಲಿ ಚೆನ್ನಾಗಿ ಓಡುತ್ತಿರುವ ಮಸಾಲೆ ಪುಡಿಯನ್ನು ಅಮೆರಿಕಕ್ಕೆ ಕಳಿಸಬೇಕು ಅಂತ ಹೊರಟವರು ಮೊದಲು ಹುಡುಕುವುದು ಡಿಸ್ಟ್ರಿಬ್ಯೂಟರನ್ನು. ಆ ಕೆಲಸ ಕೊನೆಗಿರಲಿ. ಅಲ್ಲಿನ ಇಂಡಿಯನ್ ಸ್ಟೋರ್‌ಗಳಲ್ಲಿ ದೊಡ್ಡ ಕಂಪನಿಗಳ ರಸಂ ಪುಡಿ ಆಗಲೇ ಸಾಲಾಗಿ ಕೂತಿದೆ. ಯಾರೂ ಹೆಸರು ಹಿಡಿದು ಕೇಳದ ಹೊಸ ಪ್ಯಾಕೆಟ್ ಕೆಳಗಿನ ಸಾಲಿಗೆ ಹೋಗುತ್ತದೆ, ಅಲ್ಲೇ ಅದರ ಡೇಟ್ ಮುಗಿಯುತ್ತದೆ. ಕೇಳುವ ಮನೆಗಳನ್ನು ಮೊದಲು ಹುಟ್ಟಿಸಿಕೊಳ್ಳಬೇಕು.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಉಡುಪಿ ಕಡೆಯ ಒಂದು ಸಣ್ಣ ಘಟಕ, ಕಳಿಸಬೇಕಾಗಿರುವುದು ನ್ಯೂಜೆರ್ಸಿಗೆ.

ಯಾವ ಪುಡಿ, ಯಾವ ಮನೆ

ಹೊರಗಿರುವ ನಮ್ಮವರ ಮನೆಗೆ ಪುಡಿ ಬರುವುದು ಸೂಟ್‌ಕೇಸಿನಲ್ಲಿ. ಅಪ್ಪ ಅಮ್ಮ ಬಂದಾಗ ತರುತ್ತಾರೆ, ಇಲ್ಲವೇ ರಜೆಗೆ ಊರಿಗೆ ಹೋದವರು ಕಟ್ಟಿಸಿಕೊಂಡು ಬರುತ್ತಾರೆ. ನಿಮ್ಮ ನಿಜವಾದ ಪೈಪೋಟಿ ಆ ಡಬ್ಬದ ಜೊತೆಗೆ. ಅದು ಖಾಲಿಯಾದ ಮನೆ, ಈ ವರ್ಷ ಊರಿಗೆ ಹೋಗದ ಮನೆ, ವಾರಕ್ಕೆ ಮೂರು ದಿನವಾದರೂ ಸಾರು ಮಾಡುವ ಮನೆ: ಇವರೇ ನಿಮ್ಮ ಮೊದಲ ಗಿರಾಕಿಗಳು.

ಹಾಗಾಗಿ ಅರಿಶಿನ, ಕೊತ್ತಂಬರಿ ಪುಡಿ, ಖಾರದ ಪುಡಿ ತೆಗೆದುಕೊಂಡು ಹೋಗಬೇಡಿ. ಅವನ್ನು ಯಾರದ್ದಾದರೂ ಕೊಳ್ಳುತ್ತಾರೆ, ಬೆಲೆ ಮಾತ್ರ ನೋಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯನ್ನು ತೆಂಗಿನೆಣ್ಣೆಯಲ್ಲಿ ಹುರಿದು ಮಾಡಿದ ಉಡುಪಿ ಕಡೆಯ ಸಾರಿನ ಪುಡಿಗೆ ಬದಲಿ ಸಿಗುವುದು ಕಷ್ಟ. ಸಾರಿನ ಪುಡಿ, ಹುಳಿ ಪುಡಿ, ಎರಡೇ ಸಾಕು. ಬಿಸಿಬೇಳೆ ಬಾತ್ ಪುಡಿಯಲ್ಲಿ ಕೊಬ್ಬರಿ ಇದ್ದರೆ ಸದ್ಯಕ್ಕೆ ಬಿಡಿ. ಹಡಗು, ಕಸ್ಟಮ್ಸ್, ಗೋದಾಮು ಎಲ್ಲ ಸೇರಿ ಎರಡು ತಿಂಗಳ ಮೇಲೆ ಆಗುತ್ತದೆ, ಅಷ್ಟರಲ್ಲಿ ಕೊಬ್ಬರಿ ಕಮಟು ವಾಸನೆ ಹಿಡಿಯುವ ಭಯ ಇದ್ದೇ ಇದೆ.

ಪ್ಯಾಕೆಟ್ 200 ಗ್ರಾಂ ಇರಲಿ. ನಾಲ್ಕು ಜನರ ಒಂದು ಸಾರಿಗೆ ಸುಮಾರು 10 ಗ್ರಾಂ ಪುಡಿ ಅಂದುಕೊಂಡರೆ ವಾರಕ್ಕೆ 30 ಗ್ರಾಂ, ಅಂದರೆ ಆರೇಳು ವಾರಕ್ಕೆ ಒಂದು ಪ್ಯಾಕೆಟ್. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಗದಪತ್ರ

ಇಲ್ಲಿನದು ಸುಲಭ. ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿಯಿಂದ ಆಮದು ರಫ್ತಿಗೆ ಬೇಕಾದ ಐಇಸಿ ನಂಬರ್ (ಶುಲ್ಕ 500 ರೂಪಾಯಿ), ಎಫ್‌ಎಸ್‌ಎಸ್‌ಎಐ ಸೆಂಟ್ರಲ್ ಲೈಸೆನ್ಸ್, ಸ್ಪೈಸಸ್ ಬೋರ್ಡ್‌ನಲ್ಲಿ ರಫ್ತುದಾರರ ನೋಂದಣಿ.

ಅಲ್ಲಿನದಕ್ಕೆ ಜಾಸ್ತಿ ಗಮನ ಬೇಕು. ನಿಮ್ಮ ಘಟಕವನ್ನು ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ನೋಂದಾಯಿಸಬೇಕು, ಅದಕ್ಕೆ ಅಲ್ಲೇ ಇರುವ ಒಬ್ಬ ಏಜೆಂಟ್ ಬೇಕು. ನೋಂದಣಿಗೆ ಎಫ್‌ಡಿಎ ಶುಲ್ಕ ತೆಗೆದುಕೊಳ್ಳುವುದಿಲ್ಲ, ಸರ್ಟಿಫಿಕೇಟನ್ನೂ ಕೊಡುವುದಿಲ್ಲ. 'ಎಫ್‌ಡಿಎ ಸರ್ಟಿಫಿಕೇಟ್' ಅಂತ ಯಾರಾದರೂ ಮಾರಲು ಬಂದರೆ ದೂರ ಇರಿ. ಸಮ ಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ನವೀಕರಿಸಬೇಕು, ಮರೆತರೆ ನೋಂದಣಿ ರದ್ದು. ಪ್ರತಿ ಸರಕಿಗೂ 'ಪ್ರಯರ್ ನೋಟಿಸ್' ಕೊಡಬೇಕು, ಅಂದರೆ ಸರಕು ಬರುತ್ತಿದೆ ಅಂತ ಎಫ್‌ಡಿಎಗೆ ಮುಂಚೆಯೇ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯ ಎಫ್‌ಎಸ್‌ವಿಪಿ. ಸರಕು ತರಿಸಿಕೊಳ್ಳುವವರು, ಕಳಿಸಿದವರ ಪುಡಿ ಸುರಕ್ಷಿತ ಅಂತ ತಾವೇ ಪರಿಶೀಲಿಸಿ ದಾಖಲೆ ಇಟ್ಟುಕೊಳ್ಳಬೇಕು ಅನ್ನುವ ನಿಯಮ ಅದು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಭಾವನ ಹೆಸರು ಹಾಕಿಬಿಡೋಣ ಅಂತ ಸುಮಾರು ಜನ ಯೋಚಿಸುತ್ತಾರೆ. ಹಾಕಿದರೆ ಕಾನೂನಿನ ಹೊಣೆ ಆ ಭಾವನ ತಲೆಗೆ ಬರುತ್ತದೆ, ಎಫ್‌ಡಿಎಯವರು ದಾಖಲೆ ಕೇಳಿದರೆ ಅವರೇ ಕೊಡಬೇಕು. ಪಾಪ, ಅವರಿಗೆ ಯಾಕೆ ಆ ಕಷ್ಟ? ಈ ಕೆಲಸವನ್ನೇ ಮಾಡುವ ಆಮದುದಾರರನ್ನು ದುಡ್ಡು ಕೊಟ್ಟು ಗೊತ್ತು ಮಾಡಿಕೊಳ್ಳಿ. ಇನ್ನೊಂದು ದಾರಿ ಸೂಟ್‌ಕೇಸಿನಲ್ಲಿ ಒಯ್ದು ವಾಟ್ಸಾಪ್ ಗ್ರೂಪಿನಲ್ಲಿ ಮಾರುವುದು. ಅದು ಬೇಡವೇ ಬೇಡ. ಮನೆಯಲ್ಲಿ ಮಾಡಿದ್ದನ್ನು ಉಡುಗೊರೆಯಾಗಿ ಕಳಿಸಲು ಪ್ರಯರ್ ನೋಟಿಸ್ ಬೇಕಿಲ್ಲ, ಆದರೆ ಮಾರಾಟದ ಪ್ಯಾಕೆಟ್‌ಗೆ ಆ ವಿನಾಯಿತಿ ಇಲ್ಲ.

ಲೇಬಲ್‌ನಲ್ಲಿ ಇಂಗು ನೋಡಿಕೊಳ್ಳಿ

ಮಸಾಲೆ ಪುಡಿ ಮಾಡುವವರು ಎಡವುವುದು ಇಲ್ಲಿ. ನಾವು ಬಳಸುವ ಕೂಟು ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆತಿರುತ್ತದೆ. ಅಮೆರಿಕದಲ್ಲಿ ಗೋಧಿ ಅಲರ್ಜಿಯ ಪಟ್ಟಿಯಲ್ಲಿದೆ, ಲೇಬಲ್‌ನಲ್ಲಿ ಬರೆಯಲೇಬೇಕು. ಬರೀ 'ಇಂಗು' ಅಂತ ಬರೆದರೆ ಮಾರಿದ ಪ್ಯಾಕೆಟ್‌ಗಳನ್ನೆಲ್ಲ ವಾಪಸ್ ಕರೆಸಿಕೊಳ್ಳಬೇಕಾದೀತು. ಇಂಗು ಕೊಡುವವರಿಂದ ಏನೇನು ಬೆರೆಸಿದ್ದಾರೆ ಅಂತ ಬರೆಸಿಕೊಳ್ಳಿ. 2023ರ ಜನವರಿಯಿಂದ ಎಳ್ಳೂ ಆ ಪಟ್ಟಿ ಸೇರಿದೆ. ಅದೇ ಮೆಷಿನ್ನಿನಲ್ಲಿ ಎಳ್ಳು ಅಥವಾ ಶೇಂಗಾ ಚಟ್ನಿಪುಡಿ ಬೀಸುತ್ತಿದ್ದರೆ ಸಾರಿನ ಪುಡಿಗೆ ಬೇರೆ ಮೆಷಿನ್ ಇಡುವುದೇ ಒಳ್ಳೆಯದು.

ಇನ್ನೊಂದು ಅಪಾಯ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ. ಹುರಿದಿದ್ದೇವಲ್ಲ, ಏನಾಗುತ್ತೆ ಅನ್ನಿಸಬಹುದು. ಹುರಿದ ಮೇಲೆ ತಣ್ಣಗಾಗಲು ಹರಡುವ ಜಾಗ, ಬೀಸುವ ಕೋಣೆ, ಪಕ್ಕದಲ್ಲೇ ಇಟ್ಟ ಹಸಿ ಕೊತ್ತಂಬರಿ ಬೀಜದ ಚೀಲ, ಒದ್ದೆ ಕೈ, ಇಲ್ಲೆಲ್ಲ ಅದು ಮತ್ತೆ ಸೇರಿಕೊಳ್ಳುತ್ತದೆ. ಹಸಿ ಸಾಮಾನು ಒಂದು ಬಾಗಿಲಿಂದ ಬರಲಿ, ಹುರಿದದ್ದು ಇನ್ನೊಂದು ಕೋಣೆಗೆ ಹೋಗಲಿ. ಪ್ರತಿ ಬ್ಯಾಚನ್ನೂ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ವರದಿ ಬರುವ ತನಕ ಸರಕು ಹೊರಡಿಸಬೇಡಿ. ಬಂದರಿನಲ್ಲಿ ಸಿಕ್ಕಿಬಿದ್ದರೆ ಆ ಸರಕಷ್ಟೇ ಹೋಗುವುದಿಲ್ಲ, ಮುಂದಿನವನ್ನೂ ತಡೆದು ನಿಲ್ಲಿಸಬಹುದು.

ಬೆಲೆಯನ್ನು ಅಂಗಡಿಯಿಂದ ಹಿಂದಕ್ಕೆ ಎಣಿಸಿ

ಶೆಲ್ಫ್ ಬೆಲೆ 5.99 ಡಾಲರ್ ಅಂದುಕೊಳ್ಳೋಣ. ಅಂಗಡಿಯವರು ಶೇ 30 ಇಟ್ಟುಕೊಂಡರೆ ಅವರ ಕೊಳ್ಳುವ ಬೆಲೆ ಸುಮಾರು 4.20. ಡಿಸ್ಟ್ರಿಬ್ಯೂಟರ್ ಶೇ 25 ತೆಗೆದರೆ ಉಳಿಯುವುದು 3.15. ಸಾಗಣೆ, ಸುಂಕ, ಕಸ್ಟಮ್ಸ್ ಬ್ರೋಕರ್, ಪರೀಕ್ಷೆಗೆಲ್ಲ 90 ಸೆಂಟ್ ಹಿಡಿದರೆ ನಿಮ್ಮ ಕೈಗೆ ಬರುವುದು ಎರಡೂಕಾಲು ಡಾಲರ್. ಅದರಲ್ಲಿ ಗಿಟ್ಟುತ್ತದಾ ನೋಡಿ. ಸುಂಕ 2025ರಲ್ಲಿ ಹಲವು ಸಲ ಬದಲಾಗಿದೆ, ಸರಕು ಹೊರಡುವ ಮುನ್ನ ಬ್ರೋಕರ್‌ನಿಂದ ಅವತ್ತಿನ ದರ ಬರೆಸಿಕೊಳ್ಳಿ.

ಶುರುವಿನಲ್ಲಿ ನೇರ ಮನೆಗಳಿಗೆ ಮಾರುವಾಗ ಅಂಗಡಿ, ಡಿಸ್ಟ್ರಿಬ್ಯೂಟರ್ ಇಬ್ಬರೂ ಇರುವುದಿಲ್ಲ. ನಮ್ಮವರೇ ಅಲ್ವಾ ಅಂತ 4 ಡಾಲರ್‌ಗೆ ಕೊಡುವ ಆಸೆ ಬರುತ್ತದೆ. ಕೊಡಬೇಡಿ. ನಾಳೆ ಅಂಗಡಿಯಲ್ಲಿ 5.99 ನೋಡಿ ಅದೇ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ, ನಾಲ್ಕಕ್ಕೆ ಸಿಗುವುದನ್ನು ಅಂಗಡಿಯವರೂ ಇಟ್ಟುಕೊಳ್ಳುವುದಿಲ್ಲ. ಮೊದಲ ದಿನದಿಂದ ಬೆಲೆ ಒಂದೇ ಇರಲಿ, ಉಳಿದ ಹಣ ಅಂಚೆಗೂ ಸ್ಯಾಂಪಲ್‌ಗೂ ಹೋಗಲಿ.

ನೂರು ಮನೆ, ಎರಡನೇ ಆರ್ಡರ್

ನ್ಯೂಜೆರ್ಸಿಯಲ್ಲಿ ಬೃಂದಾವನ ಕನ್ನಡ ಕೂಟ ಇದೆ, ಬೇರೆ ಊರುಗಳಲ್ಲೂ ಇಂಥ ಕೂಟಗಳಿವೆ. ಯುಗಾದಿ, ಗಣೇಶ ಹಬ್ಬ, ರಾಜ್ಯೋತ್ಸವಕ್ಕೆ ನಮ್ಮವರೆಲ್ಲ ಒಂದೇ ಕಡೆ ಸೇರುತ್ತಾರೆ. ಬ್ಯಾನರ್ ಕಟ್ಟುವ ದುಡ್ಡಿನಲ್ಲಿ ಊಟದ ಸಾರಿಗೆ ನಿಮ್ಮ ಪುಡಿ ಕೊಡಿ, ಹೋಗುವಾಗ 25 ಗ್ರಾಂನ ಸಣ್ಣ ಪೊಟ್ಟಣ ಕೈಗಿಡಿ. ಎರಡು ಸಲದ ಸಾರಿಗೆ ಅದು ಸಾಕು. ಈ ಪೊಟ್ಟಣಗಳೂ ಅದೇ ಆಮದುದಾರರ ಮೂಲಕ, ಅದೇ ಲೇಬಲ್ ಜೊತೆ ಬಂದಿರಬೇಕು.

ಮೊದಲ ಆರ್ಡರ್ ನೋಡಿ ಹಿಗ್ಗಬೇಡಿ, ಅದರಲ್ಲಿ ಊರಿನ ಅಭಿಮಾನವೂ ಸೇರಿರುತ್ತದೆ. ಆರೇಳು ವಾರಕ್ಕೆ ಪ್ಯಾಕೆಟ್ ಖಾಲಿಯಾಗಬೇಕಲ್ವಾ, ಎಂಟು ಹತ್ತು ವಾರದೊಳಗೆ ನೂರರಲ್ಲಿ ಎಷ್ಟು ಮನೆ ತಾವಾಗಿಯೇ ಮತ್ತೆ ಕೇಳಿದರು? ನನ್ನ ಪ್ರಕಾರ 35 ದಾಟಿದರೆ ಅಂಗಡಿಗೆ ಹೋಗಬಹುದು. ಹದಿನೈದರ ಆಸುಪಾಸಿದ್ದರೆ ಕೇಳದವರಿಗೆ ಫೋನ್ ಮಾಡಿ. ಖಾರ ಜಾಸ್ತಿ, ಮಕ್ಕಳು ತಿನ್ನಲಿಲ್ಲ, ಪರಿಮಳ ಇರಲಿಲ್ಲ, ಕಾರಣ ಇಂಥದ್ದೇ ಇರುತ್ತದೆ. ಪರಿಮಳ ಇಲ್ಲ ಅಂದರೆ ಪೌಚಿನ ಸೀಲ್ ಮತ್ತು ಬೀಸಿದ ದಿನಾಂಕ ನೋಡಿ.

ಅಂಗಡಿಗೆ ಹೋಗುವಾಗ ಹತ್ತಿರದ ಮನೆಗಳ ಮರು ಆರ್ಡರ್ ಲೆಕ್ಕ ಕೈಯಲ್ಲಿರಲಿ. ಎಡಿಸನ್‌ನ ಓಕ್ ಟ್ರೀ ರೋಡಿನಲ್ಲಿ ಇಂಡಿಯನ್ ಅಂಗಡಿಗಳ ಸಾಲೇ ಇದೆ. ಅಲ್ಲಿ ಮಾಲೀಕರೇ ಕೌಂಟರಿನಲ್ಲಿ ಕೂರುವಂಥ ಒಂದೆರಡು ಅಂಗಡಿ ಸಾಕು. ಅದಕ್ಕೂ ಮುಂಚೆ ಬ್ರ್ಯಾಂಡ್ ಹೆಸರಿನ ಟ್ರೇಡ್‌ಮಾರ್ಕಿಗೆ ಅಮೆರಿಕದಲ್ಲಿ ನಿಮ್ಮ ಹೆಸರಿನಲ್ಲೇ ಅರ್ಜಿ ಹಾಕಿ. ಭಾರತ 2013ರಿಂದ ಮ್ಯಾಡ್ರಿಡ್ ಒಪ್ಪಂದದಲ್ಲಿದೆ, ಇಲ್ಲಿಂದಲೇ ಹಾಕಬಹುದು.