ಕೆಲಸ ಬಿಟ್ಟು ಮೇಷ್ಟ್ರಾಗುವವರು ಮೊದಲು ನೋಡಬೇಕಾದ್ದು ಟಿಇಟಿಯನ್ನಲ್ಲ

ಎಂಜಿನಿಯರಿಂಗ್ ಕೆಲಸದಿಂದ ಶಾಲೆಗೆ ಬರುವವರು ನೇರವಾಗಿ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಪುಸ್ತಕ ಕೊಳ್ಳುತ್ತಾರೆ. ಅದಕ್ಕೂ ಮೊದಲು ಯಾವ ತರಗತಿಗೆ ಪಾಠ ಮಾಡುತ್ತೀರಿ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. 1ರಿಂದ 5ಕ್ಕೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಇಎಲ್.ಇಡಿ ಬೇಕು. ಬಿ.ಇಡಿ ಮಾಡಿದವರು ಈ ತರಗತಿಗಳಿಗೆ ಅರ್ಹರಲ್ಲವೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪದವೀಧರರಿಗೆ ಒಗ್ಗುವುದು 6ರಿಂದ 8ನೇ ತರಗತಿ. ನಾನು ಹಿಡಿದದ್ದೂ ಅದನ್ನೇ: ಪದವಿ, ಬಿ.ಇಡಿ, ಟಿಇಟಿಯ ಎರಡನೇ ಪತ್ರಿಕೆ.

ಹೆಚ್ಚಿನವರು ಎಡವುವುದು ಬಿ.ಇಡಿಯಲ್ಲಿ. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಮುಗಿಸೋಣ ಅನ್ನಿಸುವುದು ಸಹಜ. ಆದರೆ ದೂರಶಿಕ್ಷಣದ ಬಿ.ಇಡಿ ಇರುವುದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ. ಹೊಸಬರಿಗೆ ಆ ಬಾಗಿಲಿಲ್ಲ. ಕಾಲೇಜಿಗೆ ಹೋಗಿಯೇ ಎರಡು ವರ್ಷ ಓದಬೇಕು. ಅದರಲ್ಲಿ 20 ವಾರ ಶಾಲೆಗೇ ಮೀಸಲು, 16 ವಾರ ಎರಡನೇ ವರ್ಷದಲ್ಲೇ ಬರುತ್ತದೆ. ರಜೆ ಹಾಕಿ ಸರಿದೂಗಿಸುವ ಮಾತಲ್ಲ, ಆದ್ದರಿಂದ ಮನೆ ಖರ್ಚಿನ ಲೆಕ್ಕ ಮೊದಲೇ ಹಾಕಿ. ಸೇರುವ ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ ಎನ್‌ಸಿಟಿಇಯ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮುನ್ನವೇ ನೋಡಿ. ಅಂಕದ ಮಿತಿಯೂ ಇದೆ: ಬಿ.ಎಸ್ಸಿ, ಬಿ.ಎ.ಯವರಿಗೆ ಶೇ 50, ಬಿ.ಇ.ಯವರಿಗೆ ಶೇ 55. ಮೀಸಲಾತಿ ಇದ್ದವರಿಗೆ ರಿಯಾಯಿತಿ ಉಂಟು.

ಎರಡನೇ ಪತ್ರಿಕೆ 150 ಅಂಕದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ 90 ಬೇಕು. ಗಣಿತ-ವಿಜ್ಞಾನಕ್ಕೆ 60, ಉಳಿದ 90 ಅಂಕ ಎರಡು ಭಾಷೆ ಮತ್ತು ಶಿಶು ವಿಕಸನಕ್ಕೆ ತಲಾ 30ರಂತೆ ಹಂಚಿಕೆ. ಎಂಜಿನಿಯರ್ ಒಬ್ಬರು ಗಣಿತ-ವಿಜ್ಞಾನದಲ್ಲಿ 48 ತೆಗೆದರೂ ಮಿಕ್ಕ ಮೂರರಿಂದ 42 ಬರಲೇಬೇಕು. ಭಾಷೆಗಳಲ್ಲಿ 14, 15 ಬಂದರೆ ಶಿಶು ವಿಕಸನದಲ್ಲಿ 13 ಸಾಕು. ಆದರೆ ಅಲ್ಲಿ ಕಂಠಪಾಠ ಮಾಡಿದ ಹೆಸರುಗಳಷ್ಟೇ ನಡೆಯುವುದಿಲ್ಲ, ತರಗತಿಯ ಸನ್ನಿವೇಶ ಕೊಟ್ಟು ಕೇಳುತ್ತಾರೆ. ಉದಾಹರಣೆಗೆ, ಮಗು 52ರಲ್ಲಿ 18 ಕಳೆದು 46 ಎಂದು ಬರೆದಿದೆ. ಬಿಡಿ ಸ್ಥಾನದಲ್ಲಿ 2ರಿಂದ 8 ಹೋಗದ್ದಕ್ಕೆ 8ರಿಂದಲೇ 2 ಕಳೆದಿದೆ. ಮತ್ತೆ ಹತ್ತು ಲೆಕ್ಕ ಕೊಡುವುದೋ, ಹೇಗೆ ಮಾಡಿದೆ ಎಂದು ಮಗುವನ್ನೇ ಕೇಳುವುದೋ? ಎರಡನೆಯದೇ ಸರಿ, ತಪ್ಪಿನ ಹಿಂದಿನ ಯೋಚನೆ ಗೊತ್ತಾಗದೆ ತಿದ್ದಲು ಆಗದು. ಬಿ.ಇಡಿಯ ಶಾಲಾ ವಾರಗಳಲ್ಲಿ ಮಕ್ಕಳ ನೋಟ್‌ಬುಕ್ಕುಗಳನ್ನು ಕಣ್ಣಿಟ್ಟು ನೋಡಿದವರಿಗೆ ಈ ಭಾಗ ಸುಲಭ.

ಟಿಇಟಿ ಪ್ರಮಾಣಪತ್ರ ಈಗ ಜೀವನಪೂರ್ತಿ ನಡೆಯುತ್ತದೆ. ಆದರೆ ಅದು ಅರ್ಹತೆಯಷ್ಟೇ, ನೇಮಕಾತಿಯಲ್ಲ. ಸರ್ಕಾರಿ ಹುದ್ದೆಗೆ ಬೇರೆ ಅಧಿಸೂಚನೆ, ಬೇರೆ ಪರೀಕ್ಷೆ. ನಿಮ್ಮ ಪದವಿಯ ವಿಷಯಗಳು ಹುದ್ದೆಗೆ ಹೊಂದುತ್ತವೆಯೇ ಎಂಬುದನ್ನು ಆಯಾ ಅಧಿಸೂಚನೆಯಲ್ಲಿ ನೋಡಬೇಕು. ಕೇಂದ್ರೀಯ ವಿದ್ಯಾಲಯ, ನವೋದಯಗಳ 6ರಿಂದ 8ರ ಹುದ್ದೆಗೆ ಕೇಂದ್ರದ ಅರ್ಹತಾ ಪರೀಕ್ಷೆ ಸಿಟಿಇಟಿ ಬರೆಯಿರಿ. ಅದರ ಭಾಷಾ ಭಾಗದಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು.