ಔಟರ್ ವೈಲ್ಡ್ಸ್: ಮರಳು ನೋಡಿ ಗ್ರಹ ಆರಿಸಿ

ಔಟರ್ ವೈಲ್ಡ್ಸ್ ವಿಡಿಯೋ ಗೇಮ್ ಆಡುವವರಿಗೆ: ಸೂರ್ಯ ಸ್ಫೋಟಿಸಿದಾಗಲೆಲ್ಲ ಮೊದಲಿನಿಂದ ಮರಳುವ ಕಾಲದ ಲೂಪ್ ಶುರುವಾದ ಕೂಡಲೇ ಎಂಬರ್ ಟ್ವಿನ್ ಗ್ರಹಕ್ಕೆ ಹೋಗಿ, ಅದರ ಜೋಡಿ ಗ್ರಹ ಆಶ್ ಟ್ವಿನ್‌ಗೆ ಹೋಗಬೇಕಿದ್ದರೆ ಮೊದಲು ಬೆಂಕಿಯ ಪಕ್ಕ ನಿದ್ದೆ ಹೊಡೆಯಿರಿ. 22 ನಿಮಿಷದ ಲೂಪಿನುದ್ದಕ್ಕೂ ಆಶ್ ಟ್ವಿನ್‌ನ ಮರಳು ಎಂಬರ್ ಟ್ವಿನ್ ಮೇಲೆ ಸುರಿಯುತ್ತಲೇ ಇರುತ್ತದೆ. ಹಾಗಾಗಿ ಒಂದರ ಗುಹೆಗಳು ಮುಚ್ಚುತ್ತಾ ಹೋದಂತೆ ಇನ್ನೊಂದರ ಗೋಪುರಗಳು ಮೇಲೇಳುತ್ತವೆ. ಎಂಬರ್ ಟ್ವಿನ್‌ನಲ್ಲಿ ಗುಹೆಯ ಬಾಯಿ ಮರಳಿನಿಂದ ಕಟ್ಟಿಕೊಂಡಿದ್ದರೆ ದಾರಿ ಇಲ್ಲ ಅಂದುಕೊಳ್ಳಬೇಡಿ, ನೀವು ತಡವಾಗಿ ಬಂದಿದ್ದೀರಿ ಅಷ್ಟೇ. ಒಳಗೆ ಇರುವಾಗ ಕಾಲಡಿಯ ಮರಳು ಏರುತ್ತಿದ್ದರೆ ತಕ್ಷಣ ಎತ್ತರದ ಜಾಗಕ್ಕೆ ಹೋಗಿ, ಚಾವಣಿಗೂ ಮರಳಿಗೂ ನಡುವೆ ಸಿಕ್ಕರೆ ಸತ್ತಂತೆಯೇ. ಆಶ್ ಟ್ವಿನ್‌ಗೆ ಕಾಯಲು ಸಹಯಾತ್ರಿ ಚರ್ಟ್‌ನ ಶಿಬಿರ ಒಳ್ಳೇ ಜಾಗ: ಅದು ಎಂಬರ್ ಟ್ವಿನ್‌ನ ಉತ್ತರ ಧ್ರುವದಲ್ಲಿದೆ, ಪಕ್ಕದಲ್ಲೇ ಆಶ್ ಟ್ವಿನ್. ಬೆಂಕಿಯ ಹತ್ತಿರ ಮಲಗಿದರೆ ಕಾಲ ಬೇಗ ಓಡುತ್ತದೆ. ಲೂಪಿನ ಅರ್ಧದ ಹೊತ್ತಿಗೆ ಎದ್ದು ಹೊರಟರೆ ನೋಡಲು ಸಾಕಷ್ಟು ತೆರೆದಿರುತ್ತದೆ. ಆದರೆ ಹಡಗನ್ನು ಆಶ್ ಟ್ವಿನ್‌ನ ಸಮಭಾಜಕದ ಹತ್ತಿರ ಇಳಿಸಬೇಡಿ. ಮರಳಿನ ಕಂಬ ಅಲ್ಲೇ ಸುತ್ತುತ್ತದೆ, ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಹೆಚ್ಚು ಹೊತ್ತು ಮಲಗಿಬಿಟ್ಟರೆ ಈ ಉಪಾಯ ಕೈಕೊಡುತ್ತದೆ, ಕಾಲವನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಆಗ ಸೂರ್ಯ ಸ್ಫೋಟಿಸುವವರೆಗೆ ಕಾಯುತ್ತಾ ಕೂರುವ ಅಗತ್ಯವಿಲ್ಲ: ಜೈಂಟ್ಸ್ ಡೀಪ್ ಗ್ರಹದಲ್ಲಿರುವ ಇನ್ನೊಬ್ಬ ಸಹಯಾತ್ರಿ ಗ್ಯಾಬ್ರೋ ಜೊತೆ ಮಾತಾಡಿ ಧ್ಯಾನ ಕಲಿತಿದ್ದರೆ, ಪಾಜ್ ಮೆನುವಿನಿಂದಲೇ ಮುಂದಿನ ಲೂಪ್‌ಗೆ ಹಾರಬಹುದು. ಕಂಡುಕೊಂಡದ್ದೆಲ್ಲ ಹಡಗಿನ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ.