ನೆರಳು ಮಾಯವಾದ ಮೇಲೂ ಏರುವ ಧಗೆ

ಮೇ ಮೊದಲ ವಾರದಲ್ಲಿ ಒಂದು ದಿನ ರಾಯಚೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಹೆಚ್ಚುಕಡಿಮೆ ಮಾಯವಾಗುತ್ತದೆ. ಸೂರ್ಯ ಆಗ ನೆತ್ತಿಯ ಮೇಲಿರುತ್ತಾನೆ. ಗಡಿಯಾರ ನೋಡಿದರೆ 12 ದಾಟಿ ಹದಿನೈದು-ಇಪ್ಪತ್ತು ನಿಮಿಷ. ಭಾರತದ ಸಮಯ ನಿಗದಿಯಾಗಿರುವುದು ನಮಗಿಂತ ಪೂರ್ವದ ರೇಖಾಂಶದಿಂದ, ಅದಕ್ಕೇ ಈ ತಡ. ಬಿಸಿಲು ಅತಿ ಜೋರಾಗಿರುವುದು ಈ ಹೊತ್ತಿನಲ್ಲೇ. ಆದರೆ ಧಗೆ ತುದಿ ಮುಟ್ಟುವುದು ಮೂರರ ಸುಮಾರಿಗೆ.

ನೀವೇ ಅಳೆದು ನೋಡಬಹುದು. ಗಾಳಿಯ ಬಿಸಿ ತೋರಿಸುವ ಥರ್ಮಾಮೀಟರ್ ತನ್ನಿ, ಜ್ವರ ನೋಡುವುದು ಬೇಡ. ಬೇವಿನ ಮರದ ದಟ್ಟ ನೆರಳಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಅದನ್ನು ತೂಗುಹಾಕಿ. ಗೋಡೆಗೆ ತಾಗಿಸಬೇಡಿ, ಗೋಡೆಯ ಬಿಸಿಯೇ ಅಳತೆಗೆ ಬರುತ್ತದೆ. ತಗಡಿನ ಶೆಡ್ಡಿನ ಕೆಳಗಂತೂ ಬೇಡವೇ ಬೇಡ. ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಪಕ್ಕದಲ್ಲಿ ಕೋಲಿನ ನೆರಳಿನ ಉದ್ದವನ್ನೂ ಬರೆಯಿರಿ. ನೆರಳು ಮತ್ತೆ ಉದ್ದವಾಗತೊಡಗಿದರೂ ಥರ್ಮಾಮೀಟರ್ ಏರುತ್ತಲೇ ಇರುತ್ತದೆ.

ಯಾಕೆ? ತಳದಲ್ಲಿ ತೂತಿರುವ ತೊಟ್ಟಿಯೊಂದಕ್ಕೆ ನಲ್ಲಿ ಬಿಟ್ಟಿದ್ದೀರಿ ಅಂದುಕೊಳ್ಳಿ. ನಲ್ಲಿ ಬಿಸಿಲು, ನೀರಿನ ಮಟ್ಟ ಧಗೆ, ತೂತು ನೆಲವು ಹೊರಬಿಡುವ ಶಾಖ. 12ರಿಂದ 1ರವರೆಗೆ 10 ಲೀಟರ್ ಬಂದು 6 ಲೀಟರ್ ಸೋರಿದರೆ ತೊಟ್ಟಿಗೆ 4 ಲೀಟರ್ ಲಾಭ. ಮುಂದಿನ ಗಂಟೆ ನಲ್ಲಿ ಸ್ವಲ್ಪ ಸಣ್ಣದಾಯಿತು, 9 ಬಂತು. ಮಟ್ಟ ಏರಿದ್ದರಿಂದ ಸೋರಿಕೆಯೂ ಜಾಸ್ತಿಯಾಗಿ 7 ಹೋಯಿತು. ಆದರೂ 2 ಲೀಟರ್ ಉಳಿಯಿತು. 2ರಿಂದ 3ಕ್ಕೆ 8 ಬಂದು 7 ಹೋದರೆ ಇನ್ನೂ 1 ಉಳಿಯುತ್ತದೆ. ಮೂರರ ನಂತರ 6 ಬಂದು 7 ಹೋಗುತ್ತದೆ. ಮಟ್ಟ ಇಳಿಯುವುದು ಆಗ. ಅಂದರೆ ನಲ್ಲಿ ಸಣ್ಣದಾದ ಕೂಡಲೇ ಮಟ್ಟ ಇಳಿಯುವುದಿಲ್ಲ, ಬರುವುದಕ್ಕಿಂತ ಹೋಗುವುದು ಹೆಚ್ಚಾದಾಗಲೇ ಇಳಿಯುವುದು. ಲೆಕ್ಕ ಕಲ್ಪಿತ, ಆದರೆ ಎರೆ ಹೊಲದಲ್ಲೂ ಬಳ್ಳಾರಿಯ ಬಂಡೆಗುಡ್ಡದಲ್ಲೂ ನಡೆಯುವುದು ಇದೇ.

ಇನ್ನೊಂದು ಮಾತು. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಮೊದಲು ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಆಮೇಲೆ ಕಾಯ್ದು ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಹೀಗೆ ಬೆರೆತು ಬೆರೆತು ದೊಡ್ಡ ಗಾಳಿಯ ರಾಶಿಯೇ ಬಿಸಿಯಾಗಬೇಕು. ಅದಕ್ಕೇ ಬರಿಗಾಲಿಗೆ ನೆಲ ಅತಿ ಸುಡುವುದು ಒಂದರ ಆಸುಪಾಸು, ಮುಖಕ್ಕೆ ಝಳ ಹೊಡೆಯುವುದು ಅದಾದ ಮೇಲೆ.

ಮಧ್ಯಾಹ್ನ ಮೋಡ ಕವಿದರೆ ನಲ್ಲಿ ತಟ್ಟನೆ ಸಣ್ಣದಾದಂತೆ, ಅಂದಿನ ಗರಿಷ್ಠ ಬೇಗನೆ ಬಂದುಬಿಡುತ್ತದೆ. ಆ ದಿನದ ಅಳತೆ ಬಿಟ್ಟುಬಿಡಿ.

ಕಾಂಕ್ರೀಟ್ ಮಾಳಿಗೆಯ ತಡ ಇನ್ನೂ ದೊಡ್ಡದು. ಮೇಲಿನ ಬಿಸಿ ದಪ್ಪ ಸ್ಲ್ಯಾಬ್ ದಾಟಿ ಕೆಳಗಿಳಿಯಲು ಹಲವು ಗಂಟೆ ಬೇಕು. ಸಂಜೆ ಹೊರಗೆ ತಂಗಾಳಿ ಬೀಸುತ್ತಿದ್ದರೂ ಕೋಣೆಯ ಚಾವಣಿ ಕೆಂಡದಂತಿರುತ್ತದಲ್ವಾ, ಅದು ಮಧ್ಯಾಹ್ನದ ಬಿಸಿಲೇ.